ಶೀವ್, ಸಯನ್ ಮತ್ತು ಹತ್ತು ವೆಬ್‌ಸೈಟ್‌ಗಳು

ಸಯನ್ ಸ್ಟೇಷನ್ನಿನ ಬೋರ್ಡನ್ನು ಗಮನವಿಟ್ಟು ನೋಡಿದ್ದೀರಾ? ಇಂಗ್ಲಿಷಿನಲ್ಲಿ ಸಯನ್ ಎಂದಿದ್ದರೆ ಮರಾಠಿಯಲ್ಲಿ ‘ಶೀವ’ ಎಂದಿದೆ. ಗೋಕುಲದ ಕಾರ್ಯಕ್ರಮಕ್ಕೆಂದು ಊರ ಕಡೆಯಿಂದ ಬರುವ ನೆಂಟರಲ್ಲಿ ಒಬ್ಬರಾದರೂ ಇಳಿದ ಕೂಡಲೇ “ಇದೇನು, ಒಂದೇ ಸ್ಟೇಷನ್ನಿಗೆ ಎರಡು ಹೆಸರು?” ಎಂದು ಕೇಳುವುದುಂಟು. ಹೋದ ವರ್ಷ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕೂತಿತು. ಎಸ್.ವೈ.ಬಿ.ಎ. ಓದುತ್ತಿರುವ ತಂಗಿಯ ಮಗಳಿಗೆ ಇತಿಹಾಸದ ಅಸೈನ್‌ಮೆಂಟ್ ಕೊಟ್ಟಿದ್ದರು: ನಿಮ್ಮ ವಾಸದ ಸುತ್ತಮುತ್ತಲಿನ ಒಂದು ಹಳೆಯ ಕಟ್ಟಡದ ಬಗ್ಗೆ ಸಾವಿರದೈನೂರು ಪದ, ಕೊನೆಗೆ ಆಕರಗಳ ಪಟ್ಟಿ. ಅವಳು ಸಯನ್ ಕೋಟೆಯನ್ನು ಆರಿಸಿಕೊಂಡಳು. ಬಾಲ್ಕನಿಯಿಂದ ಕಾಣುವ ಗುಡ್ಡ, ಸುಲಭವಾಗಿ ಮುಗಿಯುತ್ತದೆ ಎಂಬ ಲೆಕ್ಕ.

ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಹಾಗಾಗಿ ಅವಳ ಆಕರಗಳ ಪಟ್ಟಿ ಮೊದಲು ನನ್ನ ಕೈಗೇ ಬಂತು. ಹತ್ತು ಲಿಂಕುಗಳಿದ್ದವು. ಎರಡು ಪ್ರವಾಸದ ವೆಬ್‌ಸೈಟ್, ಒಂದು ರಿಯಲ್ ಎಸ್ಟೇಟ್ ಕಂಪನಿಯ ಪುಟ, ಒಂದು ಚಾರಣಿಗರ ಬ್ಲಾಗ್, ಎರಡು ವಿಡಿಯೋ, ಉಳಿದವು ‘ಮುಂಬಯಿಯ ಕೋಟೆಗಳು’ ಎಂಬಂಥ ಪಟ್ಟಿಗಳು.

“ಹತ್ತರಲ್ಲೂ ಒಂದೇ ವಿಷಯ ಇದೆ ದೊಡ್ಡಮ್ಮ, ಆದ್ದರಿಂದ ಸರಿ ಇರಲೇಬೇಕು” ಅಂದಳು.

ನನಗೆ ಅನುಮಾನ ಹುಟ್ಟಿಸಿದ್ದೇ ಆ ಮಾತು. ಹತ್ತು ಜನ ಬೇರೆ ಬೇರೆಯಾಗಿ ಹುಡುಕಿ ಒಂದೇ ಉತ್ತರಕ್ಕೆ ಬಂದರೆ ಅದಕ್ಕೆ ತೂಕವಿದೆ. ಒಬ್ಬ ಬರೆದದ್ದನ್ನು ಒಂಬತ್ತು ಜನ ನಕಲು ಮಾಡಿದ್ದರೆ ಇರುವುದು ಒಂದೇ ಸಾಕ್ಷಿ. ಇದನ್ನು ತಿಳಿಯುವುದು ಕಷ್ಟವಲ್ಲ. ಪುಟದಲ್ಲಿ ಸ್ವಲ್ಪ ವಿಶೇಷವಾಗಿರುವ ಒಂದು ಸಾಲನ್ನು ಆರಿಸಿ, ಉದ್ಧರಣ ಚಿಹ್ನೆಯ ಒಳಗಿಟ್ಟು ಹುಡುಕಬೇಕು. ನಾವು ಹೀಗೆ ಹುಡುಕಿದೆವು:

```
"Sion" fort "Grade I heritage structure in 1925"
```

ಅಕ್ಷರವೂ ಬದಲಾಗದೆ ಅದೇ ಸಾಲು ಒಂದಾದ ಮೇಲೊಂದು ಪುಟದಲ್ಲಿ ಕಂಡಿತು. ಕೆಲವರು ಪದ ಹಿಂದುಮುಂದು ಮಾಡಿದ್ದರು, ಆದರೆ ಮಾಹಿತಿಯ ಸರಣಿ ಅದೇ: ಗವರ್ನರ್ ಹೆಸರು, ಕಟ್ಟಿದ ವರ್ಷ, 1925ರಲ್ಲಿ ‘ಗ್ರೇಡ್ ಒಂದು’ ಪಾರಂಪರಿಕ ಕಟ್ಟಡವೆಂಬ ಘೋಷಣೆ. ಪಟ್ಟಿಯಲ್ಲಿದ್ದ ಹತ್ತು ಆಕರ ಅಲ್ಲಿಗೆ ಮೂರಕ್ಕೆ ಇಳಿಯಿತು.

ಇನ್ನು ಆ ಸಾಲಿನ ಸತ್ಯಾಸತ್ಯ. ಮುಂಬಯಿಯ ಹಳೆಯ ಕಟ್ಟಡಗಳಿಗೆ ಒಂದು, ಎರಡು-ಎ, ಎರಡು-ಬಿ, ಮೂರು ಎಂದು ದರ್ಜೆ ಕೊಡುವ ಪದ್ಧತಿ ಬಂದದ್ದು 1995ರ ಹೆರಿಟೇಜ್ ನಿಯಮಾವಳಿಯಿಂದ. ನಗರದ ಅಭಿವೃದ್ಧಿ ನಿಯಂತ್ರಣ ನಿಯಮಗಳ ಭಾಗವಾಗಿ ಬಂದ ವ್ಯವಸ್ಥೆ ಅದು. ಎಪ್ಪತ್ತು ವರ್ಷ ಮೊದಲೇ ಒಂದು ಕೋಟೆಗೆ ‘ಗ್ರೇಡ್ ಒಂದು’ ಸಿಗುವುದು ಹೇಗೆ? ಹಾಗೆಂದು 1925 ಎಂಬ ವರ್ಷ ಗಾಳಿಯಿಂದಲೇ ಬಂದಿರಬೇಕೆಂದಿಲ್ಲ. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಆಗ ಜಾರಿಯಲ್ಲಿತ್ತು, ಅದರ ಕೆಳಗೆ ‘ಸಂರಕ್ಷಿತ ಸ್ಮಾರಕ’ ಎಂದು ಘೋಷಿಸಲು ಅವಕಾಶವಿತ್ತು. ಕೇಂದ್ರದ ಸಂರಕ್ಷಣೆ ಬೇರೆ, ಪಾಲಿಕೆಯ ದರ್ಜೆ ಬೇರೆ. ಯಾರೋ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದ್ದಾರೆ, ಉಳಿದವರು ಅದನ್ನೇ ಹೊತ್ತು ಸಾಗಿಸಿದ್ದಾರೆ. ಸಂರಕ್ಷಣೆಯ ಬಗ್ಗೆ ಬರೆಯುವುದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಟ್ಟಿ ನೋಡಬೇಕು, ದರ್ಜೆಯ ಬಗ್ಗೆ ಬರೆಯುವುದಾದರೆ ಪಾಲಿಕೆಯ ಹೆರಿಟೇಜ್ ಪಟ್ಟಿ ನೋಡಬೇಕು. ತಮಾಷೆಯೆಂದರೆ, ಇಲಾಖೆಯ ಮುಂಬಯಿ ವಲಯದ ಕಚೇರಿ ಇರುವುದೇ ಆ ಕೋಟೆಯ ಗುಡ್ಡದ ಬುಡದಲ್ಲಿ. ಜಗತ್ತಿನ ಯಾವ ಮೂಲೆಯಲ್ಲೋ ಕೂತು ಬರೆದವರ ಪುಟ ನೋಡುತ್ತಿದ್ದ ಹುಡುಗಿಗೆ ಅಲ್ಲಿಗೆ ಹತ್ತು ನಿಮಿಷದ ದಾರಿ.

ಎರಡನೆಯದು ಕಟ್ಟಿದ ಕಾಲ. ‘1669ರಿಂದ 1677ರವರೆಗೆ ಕಟ್ಟಲಾಯಿತು’ ಎಂದು ಎಲ್ಲ ಕಡೆಯೂ ಇತ್ತು. ಅಷ್ಟು ಸಣ್ಣ ಕೋಟೆಗೆ ಎಂಟು ವರ್ಷವೇ ಎಂದು ಅವಳೇ ಕೇಳಿದಳು. ಒಳ್ಳೆಯ ಪ್ರಶ್ನೆ. ಜೆರಾಲ್ಡ್ ಆಂಜಿಯರ್ ಮುಂಬಯಿಯ ಗವರ್ನರ್ ಆಗಿದ್ದ ಅವಧಿಯನ್ನು ನೋಡು ಎಂದೆ. 1669ರಿಂದ 1677, ಸೂರತ್ತಿನಲ್ಲಿ ಅವನು ಸಾಯುವವರೆಗೆ. ಎರಡೂ ಕರಾರುವಾಕ್ಕಾಗಿ ಒಂದೇ! ಅಂದರೆ ‘ಆಂಜಿಯರ್ ಕಾಲದಲ್ಲಿ ಕಟ್ಟಿದ್ದು’ ಎಂಬ ಮೂಲ ಹೇಳಿಕೆಗೆ ಯಾರೋ ಅವನ ಅಧಿಕಾರದ ವರ್ಷಗಳನ್ನು ಅಂಟಿಸಿದಂತೆ ಕಾಣುತ್ತದೆ. ಅಂಟಿಸಿದ ವರ್ಷಗಳು ಮುಂದಿನವನ ಕೈಯಲ್ಲಿ ಕಲ್ಲು ಹಾಕಿದ ದಿನದಿಂದ ಕೆಲಸ ಮುಗಿದ ದಿನದವರೆಗಿನ ಲೆಕ್ಕವಾಗಿಬಿಟ್ಟವು. ಅಸೈನ್‌ಮೆಂಟಿನಲ್ಲಿ ‘ಆಂಜಿಯರ್ ಆಡಳಿತದ ಅವಧಿಯಲ್ಲಿ’ ಎಂದಷ್ಟೇ ಬರೆದಳು. ಹೇಳುವುದು ಕಡಿಮೆಯಾಯಿತು, ಆದರೆ ಹೇಳಿದ್ದಕ್ಕೆ ಆಧಾರವಿದೆ.

ಹೆಸರಿನ ವಿಷಯಕ್ಕೆ ಬಂದಾಗ ಜಗಳ ಜೋರಾಯಿತು. ಕೆಲವು ಪುಟಗಳ ಪ್ರಕಾರ ‘ಶೀವ್’ ಎಂದರೆ ಸರಹದ್ದು, ಮುಂಬಯಿ ದ್ವೀಪ ಮುಗಿದು ಸಾಷ್ಟಿ ಶುರುವಾಗುವ ಜಾಗ. ಇನ್ನು ಕೆಲವು, 1543ರಲ್ಲಿ ಪೋರ್ಚುಗೀಸರು ಈ ದ್ವೀಪಗಳನ್ನು ವಶಪಡಿಸಿಕೊಂಡು ಜೆಸ್ವಿಟ್ ಪಾದ್ರಿಗಳಿಗೆ ಕೊಟ್ಟರು, ಅವರು ಜೆರುಸಲೇಮಿನ ಜಿಯೋನ್ ಬೆಟ್ಟದ ನೆನಪಿಗೆ ಈ ಹೆಸರಿಟ್ಟರು ಎನ್ನುತ್ತವೆ. ಒಂದು ವಿಡಿಯೋದಲ್ಲಂತೂ ಶಿವನ ಹೆಸರೇ ಬಂದಿತ್ತು. ಅದು ‘Shiv’ ಎಂದು ರೋಮನ್ ಲಿಪಿಯಲ್ಲಿ ಬರೆಯುವುದರ ಫಲ. ಬೋರ್ಡಿನಲ್ಲಿ ದೀರ್ಘ ‘ಶೀ’ ಇದೆ, ದೇವರ ಹೆಸರಿನಲ್ಲಿ ಹ್ರಸ್ವ ‘ಶಿ’. ನಾಗರಿ ಓದಬಲ್ಲ ಯಾರಿಗೂ ಈ ಗೊಂದಲ ಆಗದು, ಆದರೆ ಇಂಗ್ಲಿಷಿನಲ್ಲಷ್ಟೇ ಹುಡುಕುವವರಿಗೆ ಆಗುತ್ತದೆ.

ಜಿಯೋನ್ ಕಥೆಯನ್ನು ಪರೀಕ್ಷಿಸಲು ವರ್ಷವನ್ನೇ ಹಿಡಿದುಕೊಂಡೆವು. ಗುಜರಾತಿನ ಸುಲ್ತಾನ ಬಹಾದೂರ್ ಶಾ ಬಸೈನ್ ಒಪ್ಪಂದದಲ್ಲಿ ಈ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟದ್ದು 1534ರ ಡಿಸೆಂಬರಿನಲ್ಲಿ. ಜೆಸ್ವಿಟ್ ಸಂಘಕ್ಕೆ ಪೋಪರ ಮನ್ನಣೆ ಸಿಕ್ಕಿದ್ದು 1540ರಲ್ಲಿ. ಆ ಸಂಘದ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದಿಳಿದದ್ದು 1542ರಲ್ಲಿ. ಅಂದರೆ 1543 ವಶಪಡಿಸಿಕೊಂಡ ವರ್ಷವಂತೂ ಅಲ್ಲ. ಜೆಸ್ವಿಟರು ಭಾರತಕ್ಕೆ ಕಾಲಿಟ್ಟು ಒಂದೇ ವರ್ಷದಲ್ಲಿ ಇಷ್ಟು ದೂರದ ದ್ವೀಪಗಳನ್ನು ಪಡೆದರೆಂಬುದೂ ನಂಬಲು ಕಷ್ಟ. 34 ಮತ್ತು 43, ಯಾರದೋ ಬೆರಳು ಅಂಕಿಗಳನ್ನು ತಿರುವಿಹಾಕಿರಬಹುದು ಎಂದು ನನ್ನ ಊಹೆ. ಹೀಗೆಂದು ಜಿಯೋನ್ ಕಥೆ ಪೂರ್ತಿ ಸುಳ್ಳೆಂದು ಸಾಬೀತಾಗಲಿಲ್ಲ. ಪಾದ್ರಿಗಳ ಕಿವಿಗೆ ‘ಶೀವ್’ ಎಂಬುದು ‘ಸಿಯೋನ್’ ಎಂದು ಕೇಳಿಸಿರುವುದು ಸಾಧ್ಯವೇ. ಆದರೆ ಆ ಕಥೆಯನ್ನು ಈ ಪುಟಗಳ ಮೇಲೆ ಭಾರ ಹಾಕಿ ಬರೆಯುವಂತಿಲ್ಲ ಎಂಬುದು ಖಚಿತವಾಯಿತು.

ದಾರಿ ತೋರಿಸಿದ್ದು ಎಲ್ಲಕ್ಕಿಂತ ಸಾಧಾರಣವಾಗಿ ಕಾಣುತ್ತಿದ್ದ ಚಾರಣಿಗರ ಬ್ಲಾಗ್. ಹಳೆಯ ವಿನ್ಯಾಸ, ಮಸುಕಾದ ಫೋಟೋಗಳು. ನೋಡಿದ ಕೂಡಲೇ ಪಟ್ಟಿಯಿಂದ ತೆಗೆಯಲು ಹೊರಟಿದ್ದಳು. ಆದರೆ ಬರೆದವರು ತಾವು ಹತ್ತಿದ ದಿನಾಂಕ ಕೊಟ್ಟಿದ್ದರು, ಕಣ್ಣಾರೆ ಕಂಡದ್ದನ್ನೂ ಓದಿದ್ದನ್ನೂ ಬೇರೆ ಬೇರೆಯಾಗಿ ಇಟ್ಟಿದ್ದರು, ಓದಿದ್ದು ‘ಮುಂಬಯಿ ನಗರ ಮತ್ತು ದ್ವೀಪದ ಗ್ಯಾಜೆಟಿಯರ್’ನಲ್ಲಿ ಎಂದು ಹೇಳಿದ್ದರು. ಎಸ್. ಎಂ. ಎಡ್ವರ್ಡ್ಸ್ ಸಂಕಲಿಸಿದ ಆ ಮೂರು ಸಂಪುಟಗಳು 1909-10ರಲ್ಲಿ ಬಂದವು, ಈಗ archive.org ನಲ್ಲಿ ಪುಟ ಪುಟವೂ ಸಿಗುತ್ತವೆ. ಬ್ಲಾಗನ್ನು ಬಿಟ್ಟು ಗ್ಯಾಜೆಟಿಯರನ್ನೇ ತೆರೆದೆವು. ಅಲ್ಲಿ ಸಯನ್ ಎಂಬುದು ಸರಹದ್ದು ಎಂಬರ್ಥದ ಮರಾಠಿ ಮಾತಿನ ಪೋರ್ಚುಗೀಸ್ ರೂಪ ಎಂದಿದೆ. ಆ ಮರಾಠಿ ಮಾತಿನ ಮೂಲ ಸಂಸ್ಕೃತದ ‘ಸೀಮಾ’, ನಮ್ಮ ‘ಸೀಮೆ’ಯ ಮೂಲವೂ ಅದೇ. ಇಷ್ಟು ವರ್ಷ ಸೀಮೆ ಬಿಟ್ಟು ಬಂದೆವೆಂದುಕೊಂಡು ಸೀಮೆಯಲ್ಲೇ ವಾಸವಾಗಿದ್ದೇವೆ ನೋಡಿ!

ಇಲ್ಲೊಂದು ಎಚ್ಚರ ಬೇಕು. ಸ್ಕ್ಯಾನ್ ಮಾಡಿದ ಪುಸ್ತಕದಲ್ಲಿ ಪದ ಹುಡುಕುವಾಗ ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪಿರುತ್ತದೆ, 3 ಇದ್ದದ್ದು 8 ಆಗಿರಬಹುದು. ಆದ್ದರಿಂದ ಪುಟದ ಚಿತ್ರವನ್ನೇ ನೋಡಿ ಓದಬೇಕು. ಆಕರದಲ್ಲಿ ಕೊಡಬೇಕಾದ್ದು ಪುಸ್ತಕದ ಮೇಲೆ ಮುದ್ರಿತವಾದ ಪುಟಸಂಖ್ಯೆ, ಪರದೆಯ ಕೆಳಗೆ ಕಾಣುವ ಸಂಖ್ಯೆ ಅಲ್ಲ. ಇನ್ನೊಂದು ಮಾತು: ಗ್ಯಾಜೆಟಿಯರ್ ಹಳೆಯದೆಂಬ ಕಾರಣಕ್ಕೆ ವೇದವಾಕ್ಯವಲ್ಲ. ಸ್ಥಳನಾಮಗಳ ವಿಷಯದಲ್ಲಿ ಆ ಕಾಲದವರೂ ಊಹೆ ಮಾಡುತ್ತಿದ್ದರು. ಆದರೆ ಯಾರು, ಯಾವಾಗ, ಯಾವ ಸಂಪುಟದಲ್ಲಿ ಹೇಳಿದರು ಎಂಬುದು ಗೊತ್ತಿರುವುದರಿಂದ ಮುಂದಿನವರು ಹೋಗಿ ನೋಡಬಹುದು, ಒಪ್ಪದಿರಬಹುದು. ರಿಯಲ್ ಎಸ್ಟೇಟ್ ಪುಟದ ಜೊತೆ ಯಾರು ವಾದ ಮಾಡುತ್ತಾರೆ?

ಕೊನೆಗೆ ಉಳಿದದ್ದು ವಿಡಿಯೋಗಳು. ಶಿವನ ಕಥೆಯದ್ದನ್ನು ಕೈಬಿಟ್ಟೆವು. ಇನ್ನೊಂದು ಡ್ರೋನಿನಲ್ಲಿ ತೆಗೆದದ್ದು, ತುಂಬ ಚೆಂದ. ಹಿನ್ನೆಲೆಯ ದನಿ ಕೋಟೆ ಕಟ್ಟಿದ್ದು ಪೋರ್ಚುಗೀಸರು ಎಂದಿತು. ದನಿ ಯಾರದೆಂದು ತಿಳಿಸಿಲ್ಲ, ವಿವರಣೆಯ ಜಾಗದಲ್ಲಿ ಇದ್ದದ್ದು ಕ್ಯಾಮೆರಾ ಕೊಳ್ಳುವ ಲಿಂಕುಗಳು ಮಾತ್ರ. “ಪೋರ್ಚುಗೀಸರಿಗೆ ಇಲ್ಲಿ ಯಾರ ಭಯ?” ಎಂದು ಕೇಳಿದೆ. ಇಂಗ್ಲಿಷರು ಬರುವ ಮೊದಲು ಈಚೆಯ ಮುಂಬಯಿ ದ್ವೀಪವೂ ಆಚೆಯ ಸಾಷ್ಟಿಯೂ ಅವರದೇ. ತಮ್ಮದೇ ಎರಡು ಹೊಲಗಳ ನಡುವೆ ಯಾರೂ ಕೋಟೆ ಕಟ್ಟುವುದಿಲ್ಲ. ಮುಂಬಯಿ ಇಂಗ್ಲಿಷರ ಕೈಗೆ ಹೋಗಿ ಸಾಷ್ಟಿ ಪೋರ್ಚುಗೀಸರಲ್ಲೇ ಉಳಿದ ಮೇಲಷ್ಟೇ ಇಲ್ಲೊಂದು ಕಾವಲು ಬೇಕಾಯಿತು. ಇದು ಪುರಾವೆಯಲ್ಲ, ಆದರೆ ಆ ದನಿಯನ್ನು ನಂಬದಿರಲು ಸಾಕು.

ಹಾಗಂತ ಆ ವಿಡಿಯೋವನ್ನು ಎಸೆಯಲು ನಾನು ಬಿಡಲಿಲ್ಲ. ದನಿಯನ್ನು ಮುಚ್ಚಿ ಚಿತ್ರ ಮಾತ್ರ ನೋಡಿದರೆ ಗೋಡೆಯ ಬಿರುಕು, ಬೇರು ಬಿಟ್ಟ ಗಿಡ, ಛಾವಣಿಯಿಲ್ಲದ ಕೋಣೆ ಎಲ್ಲವೂ ಅದರಲ್ಲಿತ್ತು. ಕೋಟೆಯ ಈಗಿನ ಸ್ಥಿತಿ ಎಂಬ ಭಾಗಕ್ಕೆ ಅದು ಸಲ್ಲುತ್ತದೆ. ಅಪ್‌ಲೋಡ್ ಮಾಡಿದ ದಿನವೇ ಚಿತ್ರೀಕರಿಸಿದ ದಿನ ಎಂದು ತಿಳಿಯಬಾರದು ಅಷ್ಟೇ. ಮೇ ತಿಂಗಳಲ್ಲಿ ಹಾಕಿದ ವಿಡಿಯೋದಲ್ಲಿ ಗುಡ್ಡವೆಲ್ಲ ಹಸಿರು ಹುಲ್ಲು, ಕಲ್ಲಿನ ಮೇಲೆ ಪಾಚಿ! ಹಿಂದಿನ ಯಾವುದೋ ಮಳೆಗಾಲದ್ದು. ಹಾಗಾಗಿ ‘ಅಪ್‌ಲೋಡ್ ಆದದ್ದು’ ಎಂದು ತಾರೀಖು ಕೊಟ್ಟು, ನೋಡಬೇಕಾದ ದೃಶ್ಯದ ನಿಮಿಷ-ಸೆಕೆಂಡ್ ಬರೆದಳು. ಅದೇ ಭಾನುವಾರ ಗುಡ್ಡ ಹತ್ತಿ ತಾನೇ ನಾಲ್ಕು ಫೋಟೋ ತೆಗೆದು ದಿನಾಂಕ ಹಾಕಿ ಸೇರಿಸಿದಳು.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಐದು: ಗ್ಯಾಜೆಟಿಯರ್, ಇಲಾಖೆಯ ಪಟ್ಟಿ, ಬ್ಲಾಗ್, ಡ್ರೋನ್ ವಿಡಿಯೋ, ಅವಳದೇ ಫೋಟೋಗಳು. ಹತ್ತಾದರೂ ಇರಬೇಕೆಂದು ಗೆಳತಿಯರು ಹೆದರಿಸಿದ್ದರಂತೆ. ವೈವಾದಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ, ಉಳಿದವರೆಲ್ಲ ಬರೆದ 1925ರ ಗ್ರೇಡ್ ನಿನ್ನಲ್ಲಿ ಯಾಕಿಲ್ಲ ಎಂದು. ಉತ್ತರಕ್ಕೆ ಅವಳು ಕಾಲು ಗಂಟೆ ತೆಗೆದುಕೊಂಡಳಂತೆ.