ಏಳನೆಯ ಕುರ್ಚಿ

ಮಳೆಗಾಲದ ಹೊಸ್ತಿಲಲ್ಲಿ ವಾಡಿಯಲ್ಲಿ ಗಾಳಿ ಎದ್ದು ಕರೆಂಟ್ ಹೋದರೆ ಮನೆಯವರು ಮೇಣದಬತ್ತಿ ಹುಡುಕುತ್ತಾರೆ. ನಾನು ಈಗ 1912ಕ್ಕೆ ಎಷ್ಟು ಫೋನ್ ಹೋಗುತ್ತಿರಬಹುದೆಂದು ಲೆಕ್ಕ ಹಾಕುತ್ತೇನೆ. ಕಾಲ್ ಸೆಂಟರೊಂದಕ್ಕೆ ಶಿಫ್ಟ್ ಪಟ್ಟಿ ಹಾಕುವುದು ನನ್ನ ಹೊಟ್ಟೆಪಾಡು, ಚಟವೂ ಅದೇ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲವೂ ಜೆಸ್ಕಾಂ ಸೀಮೆ. ಇಷ್ಟೂ ಕಡೆಯಿಂದ ಸಂಜೆ ಏಳರಿಂದ ಎಂಟರೊಳಗೆ 60 ಕರೆ, ದೂರು ಬರೆದುಕೊಳ್ಳುವುದೂ ಸೇರಿ ಒಂದೊಂದಕ್ಕೆ 4 ನಿಮಿಷ ಅಂತಿಟ್ಟುಕೊಳ್ಳಿ. ಒಟ್ಟು 240 ನಿಮಿಷದ ಕೆಲಸ, ನಾಲ್ಕು ಜನಕ್ಕೆ ಒಂದು ತಾಸು. ‘ಹಂಗಾದ್ರ ನಾಲ್ಕು ಮಂದಿ ಸಾಕಲ್ರೀ’ ಅನ್ನುವವರ ಜೊತೆ ನಾನು ಚಹಾ ಕುಡಿಯುವುದಿಲ್ಲ. ಕರೆಗಳು ನಿಮಿಷಕ್ಕೊಂದರಂತೆ ಸರದಿಯಲ್ಲಿ ಬರುವುದಿಲ್ಲ. ಎರಡು ನಿಮಿಷ ಸದ್ದಿಲ್ಲ, ಆಮೇಲೆ ಐದು ಒಟ್ಟಿಗೆ. ಖಾಲಿ ಕೂತ ಆ ಎರಡು ನಿಮಿಷವನ್ನು ಮುಂದಿನ ಗದ್ದಲಕ್ಕೆಂದು ಎತ್ತಿಡಲು ಬರುವುದಿಲ್ಲ. ಹಾಗಾಗಿ ನಾಲ್ವರೇ ಇದ್ದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರಕ್ಕೆ ಈ ಅಂಕಿಗಳನ್ನು ಕೊಟ್ಟು ನೋಡಿ. ಐವರಿದ್ದರೆ ಸರಾಸರಿ ಕಾಯುವಿಕೆ ಎರಡು ನಿಮಿಷಕ್ಕೂ ಮೇಲೆ. ಆರನೆಯವರು ಬಂದು ಕೂತರೆ 34 ಸೆಕೆಂಡ್, ಏಳನೆಯವರು ಬಂದರೆ 11. ಎಂಟನೆಯವರಿಂದ ಉಳಿಯುವುದು ಇನ್ನೊಂದು ಏಳು ಸೆಕೆಂಡ್ ಅಷ್ಟೇ. ನೂರರಲ್ಲಿ 80 ಕರೆಯನ್ನು 20 ಸೆಕೆಂಡಿನೊಳಗೆ ಎತ್ತಬೇಕೆಂಬ ರೂಢಿಯ ಗುರಿಯನ್ನು ಆರು ಜನ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತಾರೆ, ಏಳು ಜನ ದಾಟುತ್ತಾರೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಹೊಸ ಖುಷಿ.

ಖುಷಿ ಕೆಡುವುದು ಮುಂದೆ. ಏಳು ಕುರ್ಚಿ ತುಂಬಿರಬೇಕಾದರೆ ಪಟ್ಟಿಯಲ್ಲಿ ಎಷ್ಟು ಹೆಸರಿರಬೇಕು? ರಜೆ, ಊಟ, ತರಬೇತಿ ಎಂದು ನೂರಕ್ಕೆ 30 ಪಾಲು ಸಮಯ ಹೋಗುತ್ತದೆ ಅನ್ನಿ. ನಮ್ಮ ಕಸುಬಿನ ಮಹಾಶಯರು ಏಳಕ್ಕೆ ಅದರ 30 ಪಾಲು ಕೂಡಿಸಿ ‘ಒಂಬತ್ತು’ ಎನ್ನುತ್ತಾರೆ. ಒಂಬತ್ತರಲ್ಲಿ 30 ಪಾಲು ಕಳೆಯಿರಿ ಸ್ವಾಮಿ, ಉಳಿಯುವುದು ಆರೂ ಚಿಲ್ಲರೆ! ಏಳನ್ನು 0.7ರಿಂದ ಭಾಗಿಸಬೇಕು, ಆಗ ಹತ್ತು ಬರುತ್ತದೆ. ಆ ಒಬ್ಬರನ್ನು ಕಾಗದದ ಮೇಲೆ ನುಂಗಿದವರೇ ತಿಂಗಳ ಕೊನೆಗೆ ‘ಹುಡುಗ್ಯಾರು ಕೆಲಸ ಮಾಡಂಗಿಲ್ರೀ’ ಎಂದು ಸಭೆಯಲ್ಲಿ ದೂರುತ್ತಾರೆ. ಭಾಗಾಕಾರ ಬಾರದವರ ಪಾಪವನ್ನು ಹೆಡ್‌ಫೋನ್ ಹಾಕಿಕೊಂಡವರು ಯಾಕೆ ಹೊರಬೇಕು?

ಎರ್ಲಾಂಗನ ಸೂತ್ರಕ್ಕೂ ಮಿತಿಯುಂಟು. ಒಂದು ಕರೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ಕಾಯುವವರು ಯಾರೂ ಫೋನ್ ಇಡುವುದಿಲ್ಲ ಎಂದು ಅದು ನಂಬುತ್ತದೆ. ಚಿಂಚೋಳಿಯಲ್ಲಿ ಒಂದು ಫೀಡರ್ ಬಿದ್ದರೆ ಊರಿಗೆ ಊರೇ ಒಟ್ಟಿಗೆ ಡಯಲ್ ಮಾಡುತ್ತದೆ. ಬೇಸತ್ತು ಇಟ್ಟವರು ಮತ್ತೆ ಮಾಡುತ್ತಾರೆ. ಹತ್ತು ನಿಮಿಷದೊಳಗೆ ಅದೇ ನಂಬರ್ ಮೂರು ಸಲ ಕಂಡರೆ ಅದನ್ನು ಒಂದೇ ಎಂದು ಎಣಿಸಬೇಕು, ಇಲ್ಲದಿದ್ದರೆ ಮುಂದಿನ ವಾರದ ಅಂದಾಜು ಉಬ್ಬುತ್ತದೆ.

ಇನ್ನು ಕತ್ತಲಲ್ಲಿ ಆರ್.ಆರ್. ನಂಬರ್ ಕೇಳಿದರೆ ‘ತಡೀರಿ, ಬಿಲ್ ಎಲ್ಲ್ಯದನೋ ನೋಡ್ತೀನಿ’ ಎನ್ನುವವರು. ನಾಲ್ಕು ನಿಮಿಷದ ಕರೆ ಹೀಗೆ ಐದಾದರೆ, ಅದೇ ಏಳು ಜನರಿದ್ದರೂ ಕಾಯುವಿಕೆ 11ರಿಂದ 49 ಸೆಕೆಂಡಿಗೆ ಹಾರುತ್ತದೆ. ದಯವಿಟ್ಟು ಆ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.