ಒಂದು ಹಳೆಯ ಕಾನೂನು, ನಾಲ್ಕು ಪ್ರಶ್ನೆಗಳು

ನಾವು ವಾಸಿಸುವ ಈ ಹೈದರಾಬಾದಿನಲ್ಲಿ 1919ರಲ್ಲಿ ನಿಜಾಮರ ಆಡಳಿತವು ಒಂದು ಕಾಯಿದೆಯನ್ನು ತಂದಿತು. ಫಸಲಿ ಲೆಕ್ಕದಲ್ಲಿ ಅದು 1329ನೆಯ ವರ್ಷ. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ ಆಗ ಇದೇ ಸಂಸ್ಥಾನದಲ್ಲಿದ್ದವು. ‘ನಪುಂಸಕರ ಕಾಯಿದೆ’ ಎಂದು ಕನ್ನಡಿಸಬಹುದಾದ ಈ ಶಾಸನವು ತೆಲಂಗಾಣ ರಾಜ್ಯ ಹುಟ್ಟಿದ ಮೇಲೂ ಪುಸ್ತಕದಲ್ಲಿ ಉಳಿದುಕೊಂಡಿತ್ತು. ಮನುಷ್ಯನ ಕುರಿತ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಬರಹವನ್ನು ನಾನು ಓದಿಲ್ಲ.

ಕಾಯಿದೆಯು ಮೊದಲು ದೇಹವನ್ನು ನೋಡುತ್ತದೆ: ಪುರುಷತ್ವವಿಲ್ಲವೆಂದು ತಾನೇ ಒಪ್ಪಿಕೊಂಡ ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಹಾಗೆ ಕಂಡುಬಂದ ಗಂಡಸು ನಪುಂಸಕ. ಅಂಥವರಲ್ಲಿ ಬಾಲಕರ ಅಪಹರಣ, ಬೀಜಛೇದನ ಅಥವಾ ‘ಅಸ್ವಾಭಾವಿಕ’ ಕಾಮದ ಸಂಶಯವಿದ್ದವರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಹೀಗೆ ನೋಂದಾಯಿತನಾದವನು ಬೀದಿಯಲ್ಲಿ ಹೆಣ್ಣುಡುಗೆ ತೊಟ್ಟು ಕಾಣಿಸಿಕೊಂಡರೆ, ಹಾಡಿ ಕುಣಿದರೆ, ವಾರಂಟ್ ಇಲ್ಲದೆ ಬಂಧಿಸಬಹುದು. ಎರಡು ವರ್ಷದವರೆಗೆ ಸೆರೆಮನೆ. ದೇಹ, ಕಾಮ, ಉಡುಗೆ ಮೂರನ್ನೂ ಕಾಯಿದೆ ತಡಕಿತು. ‘ನೀನು ನಿನ್ನನ್ನು ಯಾರೆಂದು ತಿಳಿದಿದ್ದೀಯೆ?’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ.

ಗಂಟನ್ನು ಬಿಚ್ಚೋಣ. ಮೊದಲನೆಯದು ಹುಟ್ಟಿನಲ್ಲಿ ಗುರುತಿಸಿದ ಲಿಂಗ. ಕೂಸು ಹುಟ್ಟಿದ ಕ್ಷಣದಲ್ಲಿ ಸೂಲಗಿತ್ತಿಯೋ ವೈದ್ಯರೋ ಅದರ ಹೊರಗಣ ಅಂಗವನ್ನು ನೋಡಿ ಗಂಡು ಅಥವಾ ಹೆಣ್ಣು ಎನ್ನುತ್ತಾರೆ. ಜನನಪತ್ರದಲ್ಲಿ ಅದೇ ದಾಖಲಾಗುತ್ತದೆ. ವರ್ಣತಂತುಗಳನ್ನು ಯಾರೂ ಸಾಮಾನ್ಯವಾಗಿ ಪರೀಕ್ಷಿಸುವುದಿಲ್ಲ. ಕೆಲವು ಕೂಸುಗಳ ದೇಹ ಈ ಎರಡು ಮನೆಗಳಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಆದ್ದರಿಂದಲೇ ‘ಗುರುತಿಸಿದ’ ಎಂಬ ಮಾತು.

ಎರಡನೆಯದು ಲಿಂಗತ್ವದ ಅರಿವು: ತಾನು ಹೆಣ್ಣು, ಗಂಡು ಅಥವಾ ಇವೆರಡೂ ಅಲ್ಲ ಎಂದು ವ್ಯಕ್ತಿಗೆ ಒಳಗಿನಿಂದ ತಿಳಿದಿರುವುದು. ಬಹುಪಾಲು ಜನರಲ್ಲಿ ಇದು ಜನನಪತ್ರದೊಂದಿಗೆ ಹೊಂದಿಕೊಳ್ಳುವುದರಿಂದ ಇಂಥದೊಂದು ಇದೆಯೆಂಬುದೇ ಅವರ ಗಮನಕ್ಕೆ ಬರುವುದಿಲ್ಲ. ಗಂಡೆಂದು ದಾಖಲಾಗಿ ತನ್ನನ್ನು ಹೆಣ್ಣೆಂದು ಬಲ್ಲವಳು ಟ್ರಾನ್ಸ್ ಮಹಿಳೆ.

ಮೂರನೆಯದು ಲಿಂಗತ್ವದ ಅಭಿವ್ಯಕ್ತಿ: ಉಡುಗೆ, ಕೂದಲು, ನಡಿಗೆ, ದನಿ. ಇದು ಹೊರಗೆ ಕಾಣುವಂಥದು. ಹಾಗಾಗಿ ಮೋಸ ಮಾಡುವಂಥದೂ ಹೌದು. ಕೂಚಿಪೂಡಿಯ ವೇದಾಂತಂ ಸತ್ಯನಾರಾಯಣ ಶರ್ಮರು ಸತ್ಯಭಾಮೆಯಾಗಿ ಜಡೆ ಬೀಸಿದಾಗ, ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿ ಸೆರಗು ಸರಿಪಡಿಸಿಕೊಂಡಾಗ ನಾವು ಅದನ್ನು ಕಲೆಯೆಂದು ಒಪ್ಪುತ್ತೇವೆ. ವೇಷದಿಂದ ಅವರ ಅರಿವನ್ನು ಊಹಿಸುವುದಿಲ್ಲ. ಅದೇ ಸೀರೆ ರಂಗದಿಂದಿಳಿದು ಬೀದಿಗೆ ಬಂದಾಗ ಕಾಯಿದೆ ಅದನ್ನು ಅಪರಾಧ ಮಾಡಿತ್ತು.

ನಾಲ್ಕನೆಯದು ಲೈಂಗಿಕ ಒಲವು: ಮನಸ್ಸು ಯಾರ ಕಡೆಗೆ ಸೆಳೆಯಲ್ಪಡುತ್ತದೆ ಎಂಬುದು. ಮೊದಲ ಮೂರು ‘ನಾನು’ ಎಂಬುದನ್ನು ಕುರಿತವು. ಇದೊಂದು ಮಾತ್ರ ಇನ್ನೊಬ್ಬರ ಕಡೆಗೆ ತಿರುಗಿದ್ದು.

ಇದು ಬರಿಯ ಪರಿಭಾಷೆಯಲ್ಲವೆಂದು ನನಗೆ ಮನದಟ್ಟಾದದ್ದು ಈ ಊರಿನಲ್ಲೇ ನೆಲೆಸಿರುವ ಧಾರವಾಡದ ಹಿರಿಯ ಗೆಳತಿಯೊಬ್ಬರಿಂದ. ತನಗೆ ಒಬ್ಬ ಹುಡುಗಿಯ ಮೇಲೆ ಪ್ರೀತಿಯಿದೆಯೆಂದು ಅವರ ಮಗಳು ಹೇಳಿದ್ದಳು. “ಹಂಗಾದ್ರ ಆಕಿಗೆ ಗಂಡಸಾಗಬೇಕು ಅಂತ ಅನಸ್ತದೇನು?” ಎಂದು ತಾಯಿ ನನ್ನನ್ನು ಕೇಳಿದರು. ವಾರಗಟ್ಟಲೆ ನಿದ್ದೆಗೆಟ್ಟ ದನಿ ಅದು. ಮಗಳು ಹೇಳಿದ್ದು ನಾಲ್ಕನೆಯ ಪ್ರಶ್ನೆಯ ಉತ್ತರವನ್ನು. ತಾಯಿ ಕೇಳಿಸಿಕೊಂಡದ್ದು ಎರಡನೆಯದರ ಉತ್ತರವನ್ನು. ಹೆಣ್ಣನ್ನು ಪ್ರೀತಿಸುವ ಹೆಣ್ಣು ಹೆಣ್ಣೇ. ಟ್ರಾನ್ಸ್ ಮಹಿಳೆಯ ಒಲವು ಗಂಡಿನ ಕಡೆಗಿರಬಹುದು, ಹೆಣ್ಣಿನ ಕಡೆಗಿರಬಹುದು, ಇಬ್ಬರ ಕಡೆಗೂ ಇರಬಹುದು. ಒಂದರ ಉತ್ತರದಿಂದ ಮತ್ತೊಂದನ್ನು ಲೆಕ್ಕಹಾಕಿ ತೆಗೆಯಲು ಬರುವುದಿಲ್ಲ. ನಾನು ಇಷ್ಟು ಹೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, “ಆಕಿನ್ನ ನಾ ಏನೂ ಕೇಳೇ ಇಲ್ಲ ನೋಡ್ರಿ” ಎಂದರು.

ನ್ಯಾಯಾಲಯಗಳೂ ಈ ಎಳೆಗಳನ್ನು ಒಂದೊಂದಾಗಿಯೇ ಬಿಡಿಸಿವೆ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವದ ಅರಿವನ್ನು ಸ್ವಯಂ ನಿರ್ಧರಿಸುವ ಹಕ್ಕನ್ನು ಮಾನ್ಯ ಮಾಡಿ, ಉಡುಗೆ ನಡವಳಿಕೆಗಳನ್ನು ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಸೇರಿಸಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅದು ಒಲವಿನ ಪ್ರಶ್ನೆ. ಹೈದರಾಬಾದಿನ ಹಳೆಯ ಕಾಯಿದೆಯನ್ನು ವೈಜಯಂತಿ ವಸಂತ ಮೊಗ್ಲಿ ಮತ್ತಿತರರು ಪ್ರಶ್ನಿಸಿದರು. 2023ರ ಜುಲೈ ತಿಂಗಳಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಶತಮಾನ ದಾಟಿದ ದಾಖಲೆ ಪುಸ್ತಕಕ್ಕೆ ಅಲ್ಲಿಗೆ ಆಧಾರ ತಪ್ಪಿತು.