ಪಕ್ಕದ ಕುರ್ಚಿಗೆ ಯಾರು?

ಚಾರ್ಜ್ ಮೆಮೊ ಕೈಗೆ ಬಂದ ದಿನ ಆ ಗುಮಾಸ್ತರು ಮೊದಲು ಫೋನ್ ಮಾಡಿದ್ದು ಬೆಂಗಳೂರಿಗೆ. ಹಾಸನದ ಕಡೆಯವರು, ಚೆನ್ನೈನ ಒಂದು ಕೇಂದ್ರ ಸರ್ಕಾರಿ ಕಚೇರಿಯ ನಗದು ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ. ತಮಿಳು ಚೆನ್ನಾಗಿ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಮೂರು ರಸೀದಿಗಳ ಹಣ, ಒಟ್ಟು 18,400 ರೂಪಾಯಿ, ಕ್ಯಾಶ್ ಬುಕ್ಕಿಗೆ ಏರಿಲ್ಲ; ರಸೀದಿ ಪುಸ್ತಕ ಅವರ ಸುಪರ್ದಿನಲ್ಲಿತ್ತು; ಆದ್ದರಿಂದ ಹೊಣೆ ಅವರದು. ಇದು ಆರೋಪ. ಮೆಮೊ ಕಳಿಸಿದ್ದು ಕೇಂದ್ರ ನಾಗರಿಕ ಸೇವಾ ನಿಯಮಗಳು, 1965ರ 14ನೇ ನಿಯಮದಡಿ. ಹಾಗೆಂದರೆ ಕೆಲಸವೇ ಹೋಗಬಹುದಾದ ದೊಡ್ಡ ದಂಡನೆಯ ವಿಚಾರಣೆ.

ಬೆಂಗಳೂರಿನ ಸ್ನೇಹಿತ ಅದೇ ಇಲಾಖೆಯವರು, ಸಂಘದ ಕೆಲಸ ಮಾಡಿ ಪಳಗಿದವರು. "ನೀವು ಹೆದರ್ಬೇಡಿ, ನಾನೇ ಬಂದು ಕೂತ್ಕೋತೀನಿ" ಎಂದರು. ಗುಮಾಸ್ತರ ಹೆಂಡತಿಗೂ ಅದೇ ಸರಿ ಎನಿಸಿತು. "ನಮ್ಮ ಭಾಷೇಲಿ ಒಂದು ಮಾತು ಕಿವೀಲಿ ಹೇಳೋಕಾದ್ರೂ ಒಬ್ರು ಬೇಕಲ್ಲ ರೀ."

ಇಲಾಖಾ ವಿಚಾರಣೆಯಲ್ಲಿ ಆಪಾದಿತ ನೌಕರನ ಪಕ್ಕದಲ್ಲಿ ಕೂರುವವರನ್ನು ಕಚೇರಿ ಭಾಷೆಯಲ್ಲಿ ಡಿಫೆನ್ಸ್ ಅಸಿಸ್ಟೆಂಟ್ ಎನ್ನುತ್ತಾರೆ. ಅವರನ್ನು ಆರಿಸುವ ಹಕ್ಕು ನೌಕರನದೇ, ಆದರೆ ಆ ಹಕ್ಕಿಗೆ ಒಂದು ಬೇಲಿ ಇದೆ. 14ನೇ ನಿಯಮದ 8ನೇ ಉಪನಿಯಮದ ಪ್ರಕಾರ, ಆಪಾದಿತ ನೌಕರ ಇರುವ ಕೇಂದ್ರಸ್ಥಾನದ ಅಥವಾ ವಿಚಾರಣೆ ನಡೆಯುವ ಊರಿನ ಯಾವುದೇ ಕಚೇರಿಯ ಸರ್ಕಾರಿ ನೌಕರನ ಸಹಾಯ ಪಡೆಯಬಹುದು. ಹೊರಗಿನ ಊರಿನವರು ಬೇಕೆಂದರೆ ವಿಚಾರಣಾಧಿಕಾರಿಯೇ ಕಾರಣಗಳನ್ನು ಬರೆದು ಅನುಮತಿ ಕೊಡಬೇಕು. ನಿವೃತ್ತರ ಸಹಾಯಕ್ಕೂ ಅವಕಾಶವಿದೆ, ಅದಕ್ಕೆ ಸರ್ಕಾರ ಬೇರೆ ಷರತ್ತುಗಳನ್ನು ಹಾಕಿದೆ. ಸೇವೆಯಲ್ಲಿರುವವರ ಕೈಯಲ್ಲಿ ಆಗಲೇ ಇಂಥ ಮೂರು ಪ್ರಕರಣಗಳು ಬಾಕಿ ಇದ್ದರೆ ನಾಲ್ಕನೆಯದಕ್ಕೆ ಅವರನ್ನು ಕರೆಯುವಂತಿಲ್ಲ. ಸಂಘದ ಜನಪ್ರಿಯ ಮುಖಂಡರನ್ನು ಬಯಸುವವರು ಅನೇಕರು ಈ ಮೂರರ ಲೆಕ್ಕದಲ್ಲೇ ಎಡವುತ್ತಾರೆ. ಮೊದಲ ಸಿಟ್ಟಿಂಗ್‌ನಲ್ಲಿ ಹೆಸರು ಕೊಟ್ಟು, ಎರಡನೆಯದರಲ್ಲಿ ಅದು ಬಿದ್ದುಹೋಗಿ, ಮೂರನೆಯದಕ್ಕೆ ಯಾರೂ ಇಲ್ಲದೆ ಬಂದು ಕೂರುತ್ತಾರೆ.

ಗುಮಾಸ್ತರು ಬೆಂಗಳೂರಿನವರಿಗೆ ಅನುಮತಿ ಕೇಳಿ ಅರ್ಜಿ ಬರೆದರು. "ಅವರು ನನ್ನ ಭಾಷೆಯವರು" ಎಂಬುದಷ್ಟೇ ಕಾರಣ. ವಿಚಾರಣಾಧಿಕಾರಿ ಒಪ್ಪಲಿಲ್ಲ. ಚೆನ್ನೈಯಲ್ಲೇ ನೂರಾರು ಕೇಂದ್ರ ಕಚೇರಿಗಳಿವೆ, ಬೆಸೆಂಟ್ ನಗರದ ರಾಜಾಜಿ ಭವನ ಒಂದರಲ್ಲೇ ಎಷ್ಟು ಇಲಾಖೆಗಳು, ಇಲ್ಲಿ ಯಾರೂ ಸಿಗುವುದಿಲ್ಲವೆನ್ನಲು ಆಧಾರವೇನು ಎಂದು ಕೇಳಿದರು. ಆ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಊರಲ್ಲಿ ಯಾರನ್ನೆಲ್ಲ ಕೇಳಿದೆ, ಅವರು ಏಕೆ ಒಪ್ಪಲಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದರೆ ಫಲ ಬೇರೆಯಾಗುತ್ತಿತ್ತೋ ಏನೋ.

ಎರಡನೆಯ ಆಯ್ಕೆ ಇನ್ನೂ ಹತ್ತಿರದಲ್ಲಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ, ಬಳ್ಳಾರಿಯವರು, ನಗದು ವಿಭಾಗದ ಮೂಲೆ ಮೂಲೆ ಗೊತ್ತಿದ್ದವರು. ಅವರು ಒಪ್ಪಿಯೂ ಬಿಟ್ಟಿದ್ದರು. ಆದರೆ ಆ ಮೂರು ರಸೀದಿಗಳ ಪೈಕಿ ಎರಡರ ದಿನಾಂಕ ಗುಮಾಸ್ತರು ರಜೆಯಲ್ಲಿದ್ದ ದಿನಗಳದ್ದು. ಆ ದಿನಗಳಲ್ಲಿ ಕೌಂಟರಿನಲ್ಲಿ ಕೂತವರು ಇದೇ ಬಳ್ಳಾರಿಯವರು. ಅವರು ಬೇಕಾಗಿದ್ದದ್ದು ಸಾಕ್ಷಿ ಹೇಳಲು. ಪಾಟಿ ಸವಾಲು ಹಾಕುವ ಜಾಗದಲ್ಲಿ ಕೂತವರು ಎದ್ದು ಹೋಗಿ ಸಾಕ್ಷಿಯ ಕುರ್ಚಿಯಲ್ಲಿ ಕೂತರೆ ಅವರ ಎರಡೂ ಮಾತಿಗೆ ಬೆಲೆ ಹೋಗುತ್ತದೆ. ಅಷ್ಟೇ ಅಲ್ಲ, ಅವರ ಹಿತ ಒಂದು ಕಡೆ, ಗುಮಾಸ್ತರ ಹಿತ ಇನ್ನೊಂದು ಕಡೆ. ಎಷ್ಟೇ ಒಳ್ಳೆಯವರಾದರೂ ತಮ್ಮ ಕಡೆಗೇ ಬೆರಳು ತೋರಿಸುವ ಪ್ರಶ್ನೆಯನ್ನು ಅವರು ಕೇಳಿಯಾರೆ?

ವಕೀಲರನ್ನೇ ಇಟ್ಟರೆ ಎಂಬ ಯೋಚನೆಯೂ ಬಂತು. ನಿಯಮ ಅದಕ್ಕೆ ಎರಡೇ ಬಾಗಿಲು ಬಿಟ್ಟಿದೆ. ಇಲಾಖೆಯ ಪರ ಪ್ರಕರಣ ಮಂಡಿಸುವ ಮಂಡನಾಧಿಕಾರಿ ವಕೀಲರಾಗಿರಬೇಕು, ಇಲ್ಲವೇ ಪ್ರಕರಣದ ಸನ್ನಿವೇಶ ನೋಡಿ ಶಿಸ್ತು ಪ್ರಾಧಿಕಾರಿ ಅನುಮತಿ ಕೊಡಬೇಕು. ಈ ಬಾಗಿಲುಗಳನ್ನು ತೀರಾ ಕಿರಿದಾಗಿ ನೋಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ. 1972ರ ಸಿ.ಎಲ್. ಸುಬ್ರಮಣ್ಯಂ ಪ್ರಕರಣದಲ್ಲಿ ಕೊಚ್ಚಿಯ ಕಸ್ಟಮ್ಸ್ ಇಲಾಖೆ ತನ್ನ ಪರ ಪಳಗಿದ ಪೊಲೀಸ್ ಪ್ರಾಸಿಕ್ಯೂಟರನ್ನು ನಿಲ್ಲಿಸಿ ನೌಕರನಿಗೆ ವಕೀಲರನ್ನು ನಿರಾಕರಿಸಿತ್ತು. 1982ರಲ್ಲಿ ಬಾಂಬೆ ಬಂದರು ಮಂಡಳಿ ಮತ್ತು ದಿಲೀಪ್‌ಕುಮಾರ್ ನಾಡಕರ್ಣಿ ಅವರ ಪ್ರಕರಣದಲ್ಲಿ ಮಂಡಳಿಯ ಕಾನೂನು ಸಲಹೆಗಾರರೇ ಒಂದು ಕಡೆ, ನೌಕರ ಒಬ್ಬಂಟಿ ಇನ್ನೊಂದು ಕಡೆ. ಎರಡರಲ್ಲೂ ನ್ಯಾಯಾಲಯ ನೌಕರನ ಪರ ನಿಂತಿತು. ಆದರೆ ಈ ಗುಮಾಸ್ತರ ಪ್ರಕರಣದಲ್ಲಿ ಮಂಡನಾಧಿಕಾರಿ ಆಡಳಿತ ವಿಭಾಗದ ಒಬ್ಬ ಸೂಪರಿಂಟೆಂಡೆಂಟ್, ಕಾನೂನು ಓದಿದವರಲ್ಲ. ದಾಖಲೆಗಳೂ ಬೆರಳೆಣಿಕೆಯಷ್ಟು. ಬಾಗಿಲು ತೆರೆಯಲಿಲ್ಲ.

ಕೊನೆಗೆ ಸಿಕ್ಕವರು ಮೈಲಾಪುರದ ಒಬ್ಬ ನಿವೃತ್ತರು, ತಮಿಳರು, ಬೇರೆ ಇಲಾಖೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವರು. ಈ ಪ್ರಕರಣದ ತನಿಖೆಗೂ ಅವರಿಗೂ ಸಂಬಂಧವಿರಲಿಲ್ಲ. ನಿವೃತ್ತರಿಗಿರುವ ಷರತ್ತುಗಳಲ್ಲಿ ಅದೂ ಒಂದು. ಮೊದಲ ಭೇಟಿಯಲ್ಲಿ ಅವರು ಧೈರ್ಯ ಹೇಳಲಿಲ್ಲ. "ರಸೀದಿ ಪುಸ್ತಕ ಇಡುತ್ತಿದ್ದ ಬೀರುವಿಗೆ ಎಷ್ಟು ಕೀಲಿ?" ಎಂದು ಕೇಳಿದರು.

ಎರಡು. ಒಂದು ಗುಮಾಸ್ತರ ಬಳಿ, ಒಂದು ವಿಭಾಗದ ಮುಖ್ಯಸ್ಥರ ಬಳಿ.

ಭಾಷೆಯ ಚಿಂತೆಯನ್ನು ಅವರು ಬೇರೆ ರೀತಿ ಪರಿಹರಿಸಿದರು. ಸಾಕ್ಷಿಗಳು ತಮಿಳಿನಲ್ಲಿ ಹೇಳುವುದನ್ನು ವಿಚಾರಣಾಧಿಕಾರಿ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಹೇಳಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸ ಬಂದರೆ ಆ ಕ್ಷಣದಲ್ಲೇ ಎತ್ತಬೇಕು, ಹಾಳೆಗೆ ಸಹಿ ಬಿದ್ದ ಮೇಲೆ ಎತ್ತಿದರೆ ನೆನಪಾಗಿ ಸೇರಿಸಿದ ಮಾತಿನಂತೆ ಕಾಣುತ್ತದೆ. ಅದಕ್ಕೆ ತಮಿಳು ಚೆನ್ನಾಗಿ ಬರುವವರೇ ಬೇಕಿತ್ತು. ಕಿವಿಯಲ್ಲಿ ಹೇಳುವ ಕನ್ನಡಕ್ಕಿಂತ ಎದುರಿನವನ ಬಾಯಿಂದ ಬಂದ ತಮಿಳು ಆ ಕೋಣೆಯಲ್ಲಿ ಮುಖ್ಯವಾಗಿತ್ತು.

ಡಿಫೆನ್ಸ್ ಅಸಿಸ್ಟೆಂಟ್ ಸುಮ್ಮನೆ ಜೊತೆಗೆ ಕೂತಿರುವವರಲ್ಲ. ಆಪಾದಿತನ ಪರವಾಗಿ ಪ್ರಕರಣವನ್ನು ಮಂಡಿಸಬಹುದು: ಅವರೊಂದಿಗೆ ದಾಖಲೆಗಳನ್ನು ಪರಿಶೀಲಿಸಬಹುದು, ಇಲಾಖೆಯ ಸಾಕ್ಷಿಗಳಿಗೆ ಪಾಟಿ ಸವಾಲು ಹಾಕಬಹುದು, ತಮ್ಮ ಕಡೆಯ ಸಾಕ್ಷಿಗಳನ್ನು ಪ್ರಶ್ನಿಸಬಹುದು, ಕೊನೆಯ ಲಿಖಿತ ವಾದ ಬರೆಯಲು ನೆರವಾಗಬಹುದು. ಹೆಚ್ಚಿನ ಕೆಲಸ ನಡೆಯುವುದು ಸಾಕ್ಷಿಗಳು ಬರುವುದಕ್ಕೂ ಮುಂಚೆ. ಆರೋಪಕ್ಕೆ ಆಧಾರವೆಂದು ಪಟ್ಟಿ ಮಾಡಿದ ದಾಖಲೆಗಳನ್ನು ನೋಡಿದ ಮೇಲೆ, ಪಟ್ಟಿಯಲ್ಲಿಲ್ಲದ ಆದರೆ ಕಚೇರಿಯ ವಶದಲ್ಲಿರುವ ದಾಖಲೆಗಳನ್ನು ಕೇಳುವ ಹಕ್ಕಿದೆ. ಆದರೆ ಪ್ರತಿಯೊಂದಕ್ಕೂ ಅದು ಏಕೆ ಬೇಕೆಂದು ಹೇಳಬೇಕು. "ಸಂಬಂಧಪಟ್ಟ ಎಲ್ಲ ಫೈಲುಗಳು" ಎಂದು ಬರೆದರೆ ಅಪ್ರಸ್ತುತ ಎಂಬ ಒಂದೇ ಪದದಲ್ಲಿ ತಳ್ಳಿಹಾಕಬಹುದು. ಮೈಲಾಪುರದವರು ಮೂರನ್ನೇ ಕೇಳಿದರು. ಹಾಜರಿ ಪುಸ್ತಕ: ಎರಡು ರಸೀದಿಗಳ ದಿನ ಗುಮಾಸ್ತರು ರಜೆಯಲ್ಲಿದ್ದರೆಂದು ತೋರಿಸಲು. ಕೀಲಿ ಹಸ್ತಾಂತರದ ರಿಜಿಸ್ಟರು: ರಜೆಗೆ ಹೋಗುವಾಗ ಕೀಲಿ ಯಾರಿಗೆ ಕೊಟ್ಟರೆಂದು ತೋರಿಸಲು. ಆ ತಿಂಗಳ ಕೌಂಟರ್ ಡ್ಯೂಟಿ ಆದೇಶ: ಆ ದಿನ ಅಲ್ಲಿ ಕೂರಬೇಕಾದವರು ಯಾರೆಂದು ತೋರಿಸಲು. ಮೂರೂ ಬಂದವು. ಕೀಲಿ ರಿಜಿಸ್ಟರಿನಲ್ಲಿ ಆ ವಾರದ ಪುಟದಲ್ಲಿ ಪಡೆದವರ ಸಹಿಯೇ ಇರಲಿಲ್ಲ. ಖಾಲಿ ಇದ್ದದ್ದೂ ಒಂದು ಸಾಕ್ಷ್ಯವೇ.

ವಿಭಾಗದ ಮುಖ್ಯಸ್ಥರು ಸಾಕ್ಷಿಯಾಗಿ ಬಂದು "ಪುಸ್ತಕ ಯಾವಾಗಲೂ ಇವರ ಹತ್ತಿರವೇ ಇರುತ್ತಿತ್ತು" ಎಂದರು. ಗುಮಾಸ್ತರಿಗೆ ಸಿಟ್ಟು ಉಕ್ಕಿ ಏನೋ ಹೇಳಹೋದಾಗ ಮೈಲಾಪುರದವರು ಅವರ ಮೊಣಕೈ ಮುಟ್ಟಿದರು. ಆಮೇಲೆ ಕೇಳಿದ ಪ್ರಶ್ನೆಗಳು ನಾಲ್ಕು. ಬೀರುವಿಗೆ ಎರಡು ಕೀಲಿ ಇತ್ತೇ? ಇತ್ತು. ಇನ್ನೊಂದು ತಮ್ಮ ಬಳಿ ಇತ್ತೇ? ಹೌದು. ಆ ಎರಡು ದಿನ ಇವರು ಕಚೇರಿಗೆ ಬಂದಿದ್ದರೇ? ನೆನಪಿಲ್ಲ, ಹಾಜರಿ ಪುಸ್ತಕ ಮುಂದಿಟ್ಟಾಗ, ಬಂದಿರಲಿಲ್ಲ. ಹಾಗಾದರೆ ಆ ದಿನ ರಸೀದಿ ಬರೆದದ್ದು ಇವರೇ ಎನ್ನಲು ತಾವು ಕಣ್ಣಾರೆ ಕಂಡದ್ದೇನಾದರೂ ಇದೆಯೇ? ಇಲ್ಲ.

ಐದನೆಯದನ್ನು ಅವರು ಕೇಳಲಿಲ್ಲ. "ಹಾಗಾದರೆ ಹಣ ತೆಗೆದವರು ಯಾರು?" ಎಂದು ಕೇಳಿದ್ದರೆ ಸಾಕ್ಷಿಗೆ ವಿವರಣೆ ಕೊಡುವ ಅವಕಾಶ ಸಿಗುತ್ತಿತ್ತು. ಎದುರು ಬದಿಯ ಮಂಡನಾಧಿಕಾರಿ ಮರುಪ್ರಶ್ನೆ ಹಾಕಬಹುದು, ಆದರೆ ಪಾಟಿ ಸವಾಲಿನಲ್ಲಿ ಬಂದ ವಿಷಯಗಳ ಮೇಲೆ ಮಾತ್ರ. ಹೊಸ ವಿಷಯಕ್ಕೆ ಅನುಮತಿ ಬೇಕು. ಬಾಯಿಬಡುಕ ಸಹಾಯಕರು ಬೇಡದ ಪ್ರಶ್ನೆ ಕೇಳಿ ಎದುರಿನವರಿಗೆ ಆ ವಿಷಯವನ್ನು ತಾವೇ ತೆರೆದುಕೊಡುತ್ತಾರೆ. ಸಹಾಯಕರನ್ನು ಆರಿಸುವಾಗ ಯಾರೂ ವಿಚಾರಿಸದ ಗುಣ ಇದು: ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದೆಯೇ ಎಂಬುದು.

ಅವರಿಂದ ಆಗದ ಕೆಲಸವೂ ಇತ್ತು. ಎರಡೂ ಕಡೆಯ ಸಾಕ್ಷ್ಯ ಮುಗಿದ ಮೇಲೆ, ಆಪಾದಿತ ತಾನೇ ಸಾಕ್ಷಿಯಾಗಿ ಹೇಳಿಕೆ ಕೊಟ್ಟಿರದಿದ್ದರೆ, ಸಾಕ್ಷ್ಯದಲ್ಲಿ ಅವನ ವಿರುದ್ಧ ಕಂಡುಬಂದ ಸಂಗತಿಗಳ ಬಗ್ಗೆ ವಿಚಾರಣಾಧಿಕಾರಿ ಅವನನ್ನೇ ಪ್ರಶ್ನಿಸಬೇಕು. ಅದಕ್ಕೆ ಉತ್ತರ ಹೇಳಬೇಕಾದವನು ಆಪಾದಿತನೇ. ಪಕ್ಕದಲ್ಲಿ ಎಷ್ಟೇ ಬುದ್ಧಿವಂತರಿದ್ದರೂ ಬಾಯಿ ಹಾಕುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮೂರನೆಯ ರಸೀದಿಯ ದಿನ ಗುಮಾಸ್ತರು ಕಚೇರಿಯಲ್ಲೇ ಇದ್ದರು. ಆ ಬಗ್ಗೆ ಕೇಳಿದಾಗ ಅವರು ಮೈಲಾಪುರದವರ ಮುಖ ನೋಡಿದರು. ಅವರು ತಮ್ಮ ಮುಂದಿನ ಕಾಗದ ನೋಡುತ್ತಿದ್ದರು. "ಆ ದಿನ ಸಂಜೆ ಜನ ಜಾಸ್ತಿ ಇದ್ರು ಸರ್, ಬರೆಯೋದು ಬಿಟ್ಟುಹೋಯ್ತು, ಹಣ ಮಾರನೆಯ ದಿನದ ಮೊತ್ತದಲ್ಲಿ ಸೇರಿತ್ತು" ಎಂದರು ಗುಮಾಸ್ತರು. ಮಾರನೆಯ ದಿನದ ಮೊತ್ತದಲ್ಲಿ ಹೆಚ್ಚಿನ ಹಣ ಕಾಣಲಿಲ್ಲ.

ವಿಚಾರಣಾ ವರದಿಯ ಪ್ರತಿ ಬಂದಾಗ ಎರಡು ರಸೀದಿಗಳ ಆರೋಪ ಸಾಬೀತಾಗಿಲ್ಲ, ಮೂರನೆಯದು ಸಾಬೀತಾಗಿದೆ ಎಂದಿತ್ತು. ವರದಿಯ ಮೇಲೆ ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನ. ಮೈಲಾಪುರದವರ ಮನೆಯ ಜಗಲಿಯಲ್ಲಿ ಕೂತು ಇಬ್ಬರೂ ಅದನ್ನು ಬರೆದರು, ಸಹಿ ಗುಮಾಸ್ತರದೊಂದೇ. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆ, ಮುಂದಿನ ಇನ್‌ಕ್ರಿಮೆಂಟುಗಳಿಗೆ ಬಾಧೆಯಿಲ್ಲದಂತೆ, ಎಂಬ ಆದೇಶ ಬಂತು. ಸಣ್ಣ ದಂಡನೆ, ಕೆಲಸ ಉಳಿಯಿತು. ಮೇಲ್ಮನವಿ ಹಾಕಲು ನಲವತ್ತೈದು ದಿನ ಇತ್ತು. ಹಾಕೋಣವೇ ಎಂದು ಕೇಳಿದಾಗ ಮೈಲಾಪುರದವರು ಮೂರನೆಯ ರಸೀದಿಯ ಪ್ರತಿಯನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದರು.